ಸ್ಲಿಮ್ ಡೆಸ್ಕ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಸ್ಕೇಲ್ ಹಿಡಿದು ಅಳೆಯಿರಿ

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮದುವೆ ವಿಡಿಯೋ ಎಡಿಟಿಂಗಿಗೆಂದು, ಕಚೇರಿಯೊಂದರಲ್ಲಿ ಬಳಸಿದ್ದ ಸ್ಲಿಮ್ ಡೆಸ್ಕ್‌ಟಾಪ್ ಕೊಂಡಿದ್ದೆ. ಅದಕ್ಕೆ ಹಾಕಲು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ತರಿಸಿದೆ. ಜಾಹೀರಾತಿನಲ್ಲಿ ‘ಲೋ ಪ್ರೊಫೈಲ್’, ಅಂದರೆ ಗಿಡ್ಡ ಕಾರ್ಡ್, ಎಂದಿದ್ದುದನ್ನು ನೋಡಿ ಬೇರೇನನ್ನೂ ಕೇಳಲಿಲ್ಲ. ಲಗ್ನದ ತಿಂಗಳು ಪೂರ್ತಿ ಅದರ ಫಲ ಉಂಡೆ.

ಮೊದಲು ಕೈಕೊಟ್ಟದ್ದು ಬ್ರಾಕೆಟ್. ಕಾರ್ಡೇನೋ ಗಿಡ್ಡವೇ, ಆದರೆ ಅದಕ್ಕೆ ಕೂರಿಸಿದ್ದ ತಗಡಿನ ಪಟ್ಟಿ 12 ಸೆಂಟಿಮೀಟರಿನದು. ನನ್ನ ಡಬ್ಬಿಗೆ ಬೇಕಿದ್ದುದು 8 ಸೆಂಟಿಮೀಟರಿನದು. ಮಾರಿದವರು ಗಿಡ್ಡ ಪಟ್ಟಿಯನ್ನು ಕಳೆದುಕೊಂಡಿದ್ದರು. ಬೇರೆ ಕಾರ್ಡಿನ ಪಟ್ಟಿ ಹಾಕೋಣವೆಂದರೆ ಪೋರ್ಟುಗಳ ತೂತು ಹೊಂದಲಿಲ್ಲ. ಪಟ್ಟಿಯಿಲ್ಲದೆಯೇ ಸಿಕ್ಕಿಸಿದೆ. ದಪ್ಪ ಎಚ್‌ಡಿಎಂಐ ಕೇಬಲ್ ಜಗ್ಗಿದಾಗಲೆಲ್ಲ ಕಾರ್ಡ್ ಸ್ಲಾಟಿನಲ್ಲಿ ಓರೆಯಾಗಿ ಪರದೆ ಕಪ್ಪಾಗುತ್ತಿತ್ತು. ದಯವಿಟ್ಟು ಹೀಗೆ ಮಾಡಬೇಡಿ, ಸ್ಲಾಟೇ ಹಾಳಾಗುತ್ತದೆ. ಕೊಳ್ಳುವ ಮುನ್ನ ಗಿಡ್ಡ ಪಟ್ಟಿಯ ಫೋಟೋ ಕೇಳಿ.

ಹೇಗೋ ಪಟ್ಟಿ ಹೊಂದಿಸಿಕೊಂಡ ಮೇಲೆ ಶಾಖದ ಕಾಟ ಶುರುವಾಯಿತು. ಈ ಕಾರ್ಡಿನ ಫ್ಯಾನು ಎರಡು ಸ್ಲಾಟಿನ ಜಾಗ ಹಿಡಿಯುತ್ತದೆ. ನನ್ನ ಡಬ್ಬಿಯಲ್ಲಿ ಫ್ಯಾನಿನ ಎದುರಿಗೇ ಪವರ್ ಸಪ್ಲೈಯ ತಗಡು. ನಡುವೆ ಸ್ಕೇಲ್ ಇಟ್ಟರೆ 4 ಮಿಲಿಮೀಟರ್. ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಎಳೆದುಕೊಳ್ಳಲು ಗಾಳಿಯೇ ಇಲ್ಲ. ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ, ಕಾರ್ಡಿನ ಶಾಖವನ್ನೂ ಕ್ಲಾಕನ್ನೂ, ಅಂದರೆ ಅದು ಓಡುವ ವೇಗವನ್ನೂ ತೋರಿಸುವ ಈ ಕಮಾಂಡ್ ಓಡಿಸಿದೆ:

```
nvidia-smi --query-gpu=temperature.gpu,clocks.gr --format=csv -l 2
```

ಹತ್ತು ನಿಮಿಷದಲ್ಲಿ ಶಾಖ 88 ಡಿಗ್ರಿ ಮುಟ್ಟಿತು, 1,700 ಮೆಗಾಹರ್ಟ್ಸ್ ಆಸುಪಾಸಿನಲ್ಲಿದ್ದ ಕ್ಲಾಕ್ 1,100ಕ್ಕೆ ಕುಸಿಯಿತು. ಶಾಖ ಏರಿದಂತೆ ಕ್ಲಾಕ್ ಇಳಿದರೆ ಗಾಳಿಯ ಕೊರತೆಯೆಂದೇ ತಿಳಿಯಿರಿ.

ಮುಚ್ಚಳ ತೆಗೆದು ಓಡಿಸಿದರೆ ಶಾಖವೇನೋ ಇಳಿಯಿತು, ಆದರೆ ಕಂಪ್ಯೂಟರ್ ಒಮ್ಮೆಲೇ ಆರಿಹೋಗತೊಡಗಿತು. ಇದು ವಿದ್ಯುತ್ತಿನ ಸಮಸ್ಯೆ. ಜಿಟಿಎಕ್ಸ್ 1650ಕ್ಕೆ 75 ವ್ಯಾಟ್ ಬೇಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ನಿಯಮದ ಪ್ರಕಾರ ಗರಿಷ್ಠ ಅಷ್ಟನ್ನೇ ಕೊಡಬಹುದು. ಆದರೆ ಕಚೇರಿಯ ಸ್ಲಿಮ್ ಡಬ್ಬಿಗಳಲ್ಲಿ ಎಷ್ಟೋ ಬಾರಿ ತಯಾರಕರೇ ಮಿತಿಯನ್ನು ಇನ್ನೂ ಕೆಳಗಿಟ್ಟಿರುತ್ತಾರೆ. ನನ್ನ ಕೈಪಿಡಿಯಲ್ಲಿ 50 ವ್ಯಾಟ್ ಎಂದು ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಆ ಪುಟವನ್ನು ಮೊದಲೇ ತೆರೆದಿದ್ದರೆ ಅರಸೀಕೆರೆಯ ಮದುವೆಯವರಿಗೆ ಮೂರು ಸಲ ದಿನ ಮುಂದೂಡುವ ಸಂಕಟ ಬರುತ್ತಿರಲಿಲ್ಲ.

ಕೊನೆಗೆ ಆ ಕಾರ್ಡನ್ನು ದೊಡ್ಡ ಡಬ್ಬಿಯಿರುವ ಗೆಳೆಯರಿಗೆ ಕೊಟ್ಟು ಟಿ600 ತಂದೆ. ಇದಕ್ಕೆ 40 ವ್ಯಾಟ್ ಸಾಕು, ಒಂದೇ ಸ್ಲಾಟಿನಲ್ಲಿ ಕೂರುತ್ತದೆ, ಫ್ಯಾನಿನ ಮುಂದೆ ಬೆರಳು ತೂರುವಷ್ಟು ಜಾಗ ಉಳಿಯುತ್ತದೆ. ಇದರಲ್ಲಿರುವುದೆಲ್ಲ ಮಿನಿ ಡಿಸ್‌ಪ್ಲೇಪೋರ್ಟ್, ಎಚ್‌ಡಿಎಂಐ ಇಲ್ಲ. ಆದ್ದರಿಂದ ಕನ್ವರ್ಟರನ್ನೂ ಜೊತೆಗೇ ಕೊಳ್ಳಿ. ಇದಕ್ಕೂ ಗಿಡ್ಡ ಪಟ್ಟಿ ಇದೆಯೇ ಎಂದು ಕೇಳಿ, ಫೋಟೋ ತರಿಸಿಕೊಂಡ ಮೇಲೆಯೇ ಹಣ ಕಳಿಸಿದೆ.