ಟ್ರಂಪೆಟ್‌ನಲ್ಲಿ ಮೌತ್‌ಪೀಸ್ ಕಚ್ಚಿಕೊಂಡರೆ ಇಕ್ಕಳ ಹಿಡಿಯಬೇಡಿ

ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತೇನೆ. ಮೀರತ್‌ನಲ್ಲಿ ಮಾಡಿದ ವಾದ್ಯ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಕಳೆದ ಸೀಸನ್‌ನಲ್ಲಿ ಅದನ್ನು ನನ್ನ ಕೈಯಿಂದಲೇ ಸೊಟ್ಟ ಮಾಡಿಕೊಂಡೆ. ಆ ಕಥೆ ಹೇಳುತ್ತೇನೆ.

ನನಗೊಂದು ಕೆಟ್ಟ ಅಭ್ಯಾಸವಿತ್ತು. ಮೌತ್‌ಪೀಸ್ ಹಾಕಿದ ಮೇಲೆ ಅಂಗೈಯಿಂದ ಅದರ ಮೇಲೆ ಒಂದು ಏಟು ಹಾಕುತ್ತಿದ್ದೆ. 'ಪೊಕ್' ಅಂತ ಸದ್ದು ಬರುತ್ತದೆ, ಕೇಳಲು ಮಜಾ. ನುಡಿಸಿದ ಮೇಲೆ ಬಿಚ್ಚುತ್ತಲೂ ಇರಲಿಲ್ಲ. ಒಂದು ದಿನ ಮೆರವಣಿಗೆ ಮುಗಿಸಿ ವ್ಯಾನ್ ಹತ್ತುವಾಗ ವಾದ್ಯ ಕೈಜಾರಿತು. ಮೌತ್‌ಪೀಸ್ ಕಡೆಯೇ ನೆಲಕ್ಕೆ ಬಡಿಯಿತು. ಆಮೇಲೆ ಎಷ್ಟು ತಿರುಗಿಸಿದರೂ ಅದು ಅಲುಗಲಿಲ್ಲ.

ಮರುದಿನ ಬೆಳಗ್ಗೆ ಇನ್ನೊಂದು ಮದುವೆ. ನನ್ನ ಭಾವ ವಾದ್ಯದ ಗಂಟೆಯಂಥ ಬಾಯನ್ನು ತಬ್ಬಿ ಹಿಡಿದುಕೊಂಡ. ನಾನು ಮೌತ್‌ಪೀಸಿಗೆ ಬಟ್ಟೆ ಸುತ್ತಿ, ಇಕ್ಕಳದಿಂದ ಹಿಡಿದು ತಿರುಗಿಸಿದೆ. ಬಟ್ಟೆ ಇದೆಯಲ್ಲ, ಗೀರು ಬೀಳೋದಿಲ್ಲ ಅಂದುಕೊಂಡಿದ್ದೆ. ಎರಡನೇ ಸಲ ಜೋರಾಗಿ ತಿರುಗಿಸಿದಾಗ 'ಟಕ್' ಅಂತು. ಬಂತು ಅಂತ ಖುಷಿಪಟ್ಟೆವು. ನೋಡಿದರೆ ಬಂದದ್ದು ಮೌತ್‌ಪೀಸ್ ಅಲ್ಲ, ಬ್ರೇಸ್‌ನ ಬೆಸುಗೆ. ಮೌತ್‌ಪೀಸ್ ಕೂರುವ ಉದ್ದ ಕೊಳವೆಯನ್ನು ವಾದ್ಯಕ್ಕೆ ಸೇರಿಸಿ ಹಿಡಿಯುವ ಸಣ್ಣ ಅಡ್ಡಪಟ್ಟಿಯೇ ಬ್ರೇಸ್. ಅದು ಕಿತ್ತು ಬಂದ ಮೇಲೆ ನನ್ನ ಬಲವೆಲ್ಲ ಆ ಬಡಪಾಯಿ ಕೊಳವೆಯ ಮೇಲೆ ಬಿತ್ತು. ಅದರ ಹಿತ್ತಾಳೆ ಎಷ್ಟು ದಪ್ಪ ಅಂತೀರಿ? ಸುಮಾರು ಅರ್ಧ ಮಿಲಿಮೀಟರ್.

ಕಣ್ಣಿಗೆ ಸೊಟ್ಟ ಕಾಣಿಸಲಿಲ್ಲ. ಶ್ರುತಿ ಹೊಂದಿಸಲು ಹಿಂದೆ ಮುಂದೆ ಎಳೆಯುವ U ಆಕಾರದ ಕೊಳವೆ, ಅಂದರೆ ಟ್ಯೂನಿಂಗ್ ಸ್ಲೈಡ್ ಎಳೆದಾಗ ಗೊತ್ತಾಯಿತು. ಮೊದಲು ಬೆಣ್ಣೆಯಂತೆ ಜಾರುತ್ತಿದ್ದದ್ದು ಅರ್ಧಕ್ಕೇ ನಿಂತಿತು. ಸ್ಲೈಡಿನ ಮೇಲಿನ ಕಾಲು ಇದೇ ಕೊಳವೆಗೆ ಸೇರುತ್ತದೆ. ಎರಡೂ ಕಾಲು ಸಮಾನಾಂತರ ಇಲ್ಲದಿದ್ದರೆ ಸ್ಲೈಡ್ ಸಿಕ್ಕಿಕೊಳ್ಳುತ್ತದೆ. ನಿಮ್ಮ ವಾದ್ಯವನ್ನು ಯಾರಾದರೂ ಹೀಗೆ ತಿರುಚಿದ್ದರೆ ಮೊದಲು ಸ್ಲೈಡ್ ಎಳೆದು ನೋಡಿ.

ಸದ್ಯ, ಅಲ್ಲಿಗೇ ನಿಲ್ಲಿಸಿದೆ. ಪಕ್ಕದ ವೆಲ್ಡಿಂಗ್ ಅಂಗಡಿಯವರು "ಸ್ವಲ್ಪ ಬೆಂಕಿ ತೋರಿಸಲಾ ಅಣ್ಣ?" ಅಂದಿದ್ದರು. ತೋರಿಸಿದ್ದರೆ ಉಳಿದ ಬ್ರೇಸ್‌ಗಳೂ ಉದುರುತ್ತಿದ್ದವು. ತವರ-ಸೀಸದ ಬೆಸುಗೆ 200 ಡಿಗ್ರಿ ಮುಟ್ಟುವ ಮೊದಲೇ ಕರಗಲು ಶುರುವಾಗುತ್ತದೆ.

ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋದೆ. ಅವರು ಬೈಯಲಿಲ್ಲ. "ಡ್ರಿಲ್ಲಿಂಗ್ ಮಷೀನಿನಿಂದ ದಪ್ಪ ಬಿಟ್ಟನ್ನು ತಿರುಗಿಸಿ ತೆಗೀತಾರಾ? ಬೆಣೆ ಹೊಡೆದು ನೇರಕ್ಕೆ ತಳ್ತಾರೆ ಅಲ್ವಾ?" ಅಂದರು. ಕೊಳವೆಯೊಳಗೆ ಕೂರುವ ಮೌತ್‌ಪೀಸಿನ ಬಾಲವೂ ಆ ಬಿಟ್ಟಿನ ಬಾಲದ ಹಾಗೇ ತುದಿಯತ್ತ ಸಣ್ಣಗಾಗುತ್ತದೆ. ಬಾಟಲಿಗೆ ಬಿರಡೆ ತುರುಕಿದ ಹಾಗೆ ಹಿಡಿದಿರುತ್ತದೆ. ನೇರಕ್ಕೆ ಒಂದು ಕೂದಲಷ್ಟು ಸರಿದರೆ ಸಾಕು, ಹಿಡಿತವೆಲ್ಲ ಒಮ್ಮೆಗೇ ಬಿಟ್ಟುಹೋಗುತ್ತದೆ.

ಅವರ ಹತ್ತಿರ ಇದ್ದ ಸಾಧನಕ್ಕೆ ಮೌತ್‌ಪೀಸ್ ಪುಲ್ಲರ್ ಅಂತಾರೆ. ಅದರ ಒಂದು ತುಂಡು ಕೊಳವೆಯ ಬಾಯಿಯ ದಪ್ಪ ಬಳೆಗೆ ಒರಗುತ್ತದೆ. ಇನ್ನೊಂದು ಮೌತ್‌ಪೀಸಿನ ಬಟ್ಟಲಿನ ಹಿಂಬದಿಗೆ ಒರಗುತ್ತದೆ. ಎರಡು ಕಡೆಯೂ ಸ್ಕ್ರೂ. ಬಿಗಿ ಮಾಡಿದಂತೆ ತುಂಡುಗಳು ದೂರ ಸರಿಯುತ್ತವೆ. ತಿರುಚುವ ಬಲ ಕೊಳವೆಗೆ ತಾಗುವುದೇ ಇಲ್ಲ. ಒಂದು ಸ್ಕ್ರೂಗೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು. ಒಂದೇ ಕಡೆ ಬಿಗಿ ಮಾಡಿದರೆ ಮೌತ್‌ಪೀಸ್ ಓರೆಯಾಗಿ ಮತ್ತೆ ಕೊಳವೆಯನ್ನೇ ಬಗ್ಗಿಸುತ್ತದೆ.

ಮೊದಲ ದಿನ ಅದೂ ಬರಲಿಲ್ಲ. ಸ್ಕ್ರೂ ಕೈಗೆ ಗಟ್ಟಿಯಾದ ಮೇಲೆ ಅವರು ಬಲ ಹಾಕಲಿಲ್ಲ. ಬಳೆ ಮತ್ತು ಬಾಲದ ಸಂದಿಗೆ ತುಕ್ಕು ಬಿಡಿಸುವ ತೆಳು ಎಣ್ಣೆ ಎರಡು ತೊಟ್ಟು ಬಿಟ್ಟು ರಾತ್ರಿಯಿಡೀ ಇಟ್ಟರು. ಬೆಳಗ್ಗೆ ಸ್ಕ್ರೂ ಬಿಗಿಯಾಗಿದ್ದಾಗಲೇ ಸಣ್ಣ ಮರದ ಕೊಡತಿಯಿಂದ ಬಳೆಯ ಸುತ್ತ ಮೆಲ್ಲಗೆ ತಟ್ಟಿದರು. ಮೂರನೇ ತಟ್ಟಿಗೆ ಟಪ್ ಅಂತ ಬಂತು. ಬೆಸುಗೆ, ಕೊಳವೆ ನೇರ ಮಾಡುವ ಕೂಲಿ ಸೇರಿ 2,800 ರೂಪಾಯಿ. ಮೌತ್‌ಪೀಸ್ ತೆಗೆಯುವುದಷ್ಟೇ ಆಗಿದ್ದರೆ 100 ರೂಪಾಯಿಯ ಕೆಲಸ ಅಂದರು. ಹೊಟ್ಟೆ ಉರಿಯಿತು.

ಬಿಸಿನೀರಿನಲ್ಲಿ ಅದ್ದಿ ಅಂತ ಕೆಲವರು ಹೇಳುತ್ತಾರೆ. ಪೂರ್ತಿ ಅದ್ದಿದರೆ ಪ್ರಯೋಜನ ಕಡಿಮೆ. ಎರಡೂ ಹಿತ್ತಾಳೆ, ಎರಡೂ ಒಂದೇ ಸಮ ಹಿಗ್ಗುತ್ತವೆ. ಬಟ್ಟಲಿಗೆ ಐಸ್ ತುಂಬಿ, ಹೊರಗಿನ ಬಳೆಗೆ ಮಾತ್ರ ಬಿಸಿನೀರಿನ ಬಟ್ಟೆ ಸುತ್ತಿದರೆ ಸ್ವಲ್ಪ ಅರ್ಥವಿದೆ. 50 ಡಿಗ್ರಿ ವ್ಯತ್ಯಾಸ ಬಂದರೂ ಬಿಡುವುದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಆಗ ಬರಿಗೈಯಲ್ಲಿ, ವಾದ್ಯವನ್ನು ಮೌತ್‌ಪೀಸ್ ಹತ್ತಿರದ ಬಳೆಯಲ್ಲೇ ಹಿಡಿದು ತಿರುಗಿಸಿ ನೋಡಬಹುದು. ಬರಲಿಲ್ಲವೋ, ಪುಲ್ಲರ್ ಇರುವವರನ್ನು ಹುಡುಕಿ.

ತೆಗೆದ ಮೇಲೆ ಬಾಲದ ತುದಿ ನೋಡಿ. ನನ್ನದು ಬಿದ್ದಾಗ ಸ್ವಲ್ಪ ಅಂಡಾಕಾರವಾಗಿತ್ತು. ಹಾಗೇ ಹಾಕಿದ್ದರೆ ಮತ್ತೆ ಕಚ್ಚುತ್ತಿತ್ತು. ಅವರು ಮೊನಚು ಸರಳಿನಿಂದ ಅದನ್ನು ಗುಂಡಗೆ ಮಾಡಿ, ಎಣ್ಣೆ ಹೋಗುವಂತೆ ಸೋಪಿನಲ್ಲಿ ತೊಳೆದು ಕೊಟ್ಟರು.

ಈಗ ಮೌತ್‌ಪೀಸನ್ನು ಸುಮ್ನೆ ಇಟ್ಟು, ಕಾಲು ಸುತ್ತು ತಿರುಗಿಸುತ್ತೇನೆ, ಅಷ್ಟೇ. ಮುಗಿದ ಕೂಡಲೇ ತೆಗೆದು ಒರೆಸುತ್ತೇನೆ. ಇಕ್ಕಳದ ಹಲ್ಲಿನ ಗುರುತು ಬಟ್ಟೆಯನ್ನೂ ದಾಟಿ ಬಿದ್ದಿತ್ತು, ಇನ್ನೂ ಇದೆ. ಮದುವೆಮನೆಯ ಮಕ್ಕಳು ಕೇಳಿದರೆ ಇಲಿ ಕಚ್ಚಿದ್ದು ಎನ್ನುತ್ತೇನೆ.