ನಿವೃತ್ತಿಯ ಇಡಿಗಂಟು ಷೇರು ಫಂಡಿಗೆ ಹಾಕುವವರು ಇದನ್ನೊಮ್ಮೆ ಓದಿ

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಕಚೇರಿಯಲ್ಲಿ ಕುಳಿತು ಲೆಕ್ಕ ತಿಳಿದವನೆಂಬ ಜಂಬದಲ್ಲೇ ಸಹಿ ಹಾಕಿದವನು ನಾನು. ಆದ್ದರಿಂದ ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

2007ರ ಕೊನೆಯಲ್ಲಿ ನಿವೃತ್ತನಾಗಿ, ಕೈಗೆ ಬಂದ 20 ಲಕ್ಷವನ್ನು ಜನವರಿ ಮೊದಲ ವಾರದಲ್ಲೇ ಷೇರು ಫಂಡಿಗೆ ಹಾಕಿ, ತಿಂಗಳಿಗೆ 15,000 ರೂಪಾಯಿ ಹಿಂತೆಗೆಯುವ ಏರ್ಪಾಡು ಮಾಡಿಕೊಂಡೆ. "ಸರಾಸರಿ ಶೇಕಡಾ 12 ಬರುತ್ತದೆ ಸಾರ್, ನೀವು ತೆಗೆಯುವುದು 9, ಅಸಲು ಬೆಳೆಯುತ್ತಲೇ ಇರುತ್ತದೆ" ಎಂದಿದ್ದರು ಏಜೆಂಟರು. ಆ 12 ಯಾವ ವರ್ಷ ಎಷ್ಟಾಗಿ ಬರುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯೂನಿಟ್ಟಿಗೆ 20 ರೂಪಾಯಿಯಂತೆ ನನಗೆ ಒಂದು ಲಕ್ಷ ಯೂನಿಟ್ ಸಿಕ್ಕಿದ್ದವು. ಮೊದಲ ತಿಂಗಳ 15,000ಕ್ಕೆ 750 ಯೂನಿಟ್ ಮಾರಾಟವಾದರೆ ಸಾಕಾಗಿತ್ತು. ಆ ವರ್ಷ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಕುಸಿಯಿತು. 2009ರ ಮಾರ್ಚಿನಲ್ಲಿ ಬೆಲೆ 8 ರೂಪಾಯಿ ಚಿಲ್ಲರೆಗೆ ಇಳಿದಾಗ ಅದೇ 15,000ಕ್ಕೆ 1,800ಕ್ಕೂ ಹೆಚ್ಚು ಯೂನಿಟ್ ಹೋದವು. ಗಾಬರಿಯಿಂದ ಫೋನ್ ಮಾಡಿದರೆ, "ತಾಳ್ಮೆ ಇರಲಿ ಸಾರ್, ಮಾರ್ಕೆಟ್ ವಾಪಸ್ ಬಂದೇ ಬರುತ್ತದೆ" ಎಂಬ ಉತ್ತರ ಸಿಕ್ಕಿತು.

ಮಾರ್ಕೆಟ್ ಬಂದಿತು, ಅದು ಸುಳ್ಳಲ್ಲ. 2010ರ ಕೊನೆಗೆ ಬೆಲೆ ಮತ್ತೆ 20 ದಾಟಿದಾಗ ಸಂತೋಷದಿಂದ ಸ್ಟೇಟ್‌ಮೆಂಟ್ ತೆರೆದೆ. ಉಳಿದಿದ್ದವು ಸುಮಾರು 64,000 ಯೂನಿಟ್, ಅಂದರೆ 13 ಲಕ್ಷ! ಮೂರು ವರ್ಷದಲ್ಲಿ ನಾನು ತೆಗೆದದ್ದು 5 ಲಕ್ಷ 40 ಸಾವಿರ ಮಾತ್ರ. ಹಣವನ್ನು ಬೀರುವಿನಲ್ಲಿ ಇಟ್ಟುಕೊಂಡು ತಿಂದಿದ್ದರೂ 14 ಲಕ್ಷ 60 ಸಾವಿರ ಉಳಿಯಬೇಕಿತ್ತು. ಬೆಲೆ ಹಿಂದಿರುಗಿತ್ತು, ಅಗ್ಗದಲ್ಲಿ ಮಾರಿದ ಯೂನಿಟ್‌ಗಳು ಹಿಂದಿರುಗಲಿಲ್ಲ. ಏರಿಕೆಯ ಲಾಭ ಪಡೆಯಲು ಅವು ನನ್ನ ಬಳಿ ಇರಲೇ ಇಲ್ಲ. ಕೇಳಿದ್ದಕ್ಕೆ, "ಫಂಡ್ ನಷ್ಟದಲ್ಲಿಲ್ಲವಲ್ಲ ಸಾರ್, ಬೆಲೆ ನೋಡಿ" ಎಂದು ನಕ್ಕರು. ಆ ನಗು ಇನ್ನೂ ಚುಚ್ಚುತ್ತದೆ.

ನನಗಿಂತ ಐದು ವರ್ಷ ಮೊದಲು ನಿವೃತ್ತರಾದ ಸಹೋದ್ಯೋಗಿಯೊಬ್ಬರು 2003ರ ಆರಂಭದಲ್ಲಿ ಇದೇ ರೀತಿ ಹಣ ಹಾಕಿದ್ದರು. 2007ರ ಕೊನೆಯ ಹೊತ್ತಿಗೆ ಸೆನ್ಸೆಕ್ಸ್ ಸುಮಾರು ಆರು ಪಟ್ಟಾಗಿತ್ತು, ಆದ್ದರಿಂದ ಅವರ ತಿಂಗಳ ಖರ್ಚಿಗೆ ಪ್ರತಿ ವರ್ಷ ಕಡಿಮೆ ಯೂನಿಟ್ ಸಾಕಾಗುತ್ತಿತ್ತು. ನನ್ನನ್ನು ಮುರಿದ ಅದೇ ಕುಸಿತ ಅವರಿಗೆ ಆರನೇ ವರ್ಷದಲ್ಲಿ ಬಂದಿತು. ಗಂಟು ಅರ್ಧವಾದರೂ ಹಾಕಿದ್ದಕ್ಕಿಂತ ಹೆಚ್ಚೇ ಉಳಿಯಿತು. ನಾವಿಬ್ಬರೂ ನಂಬಿದ್ದು ಅದೇ ಮಾರುಕಟ್ಟೆಯನ್ನು, ಅದೇ ಸರಾಸರಿಯನ್ನು. ನಿವೃತ್ತಿಯ ತಾರೀಖು ಮಾತ್ರ ಬೇರೆ. ಹಣ ತೆಗೆಯದೆ ಸುಮ್ಮನೆ ಬಿಟ್ಟವರಿಗೆ ಏರಿಳಿತದ ಕ್ರಮ ಹೇಗಿದ್ದರೂ ಕೊನೆಯ ಮೊತ್ತ ಒಂದೇ. ತಿಂಗಳು ತಿಂಗಳು ತೆಗೆದು ಬದುಕುವ ನಮ್ಮಂಥವರಿಗೆ ಆ ಕ್ರಮವೇ ಎಲ್ಲವೂ.

ತಪ್ಪು ನನ್ನದೂ ಇದೆ, ಶೇಕಡಾ 9 ತೆಗೆಯುವುದು ದುರಾಸೆಯೇ. ಆದರೆ ಆಗ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಶೇಕಡಾ 9 ಬಡ್ಡಿಯನ್ನೇ ಕೊಡುತ್ತಿತ್ತು ಎಂಬುದನ್ನು ಆ ಏಜೆಂಟ್ ಮಹಾಶಯರು ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ. ಕನಿಷ್ಠ ಮೂರು ನಾಲ್ಕು ವರ್ಷದ ಖರ್ಚನ್ನು ಅಂಥಲ್ಲಿ ಇಟ್ಟು, ಬೆಲೆ ಬಿದ್ದಾಗ ಫಂಡನ್ನು ಮುಟ್ಟದೆ ಅದರಿಂದ ಬದುಕಿ. ಯಾರಾದರೂ ಸರಾಸರಿ ತೋರಿಸಿದರೆ, ಮೊದಲ ವರ್ಷವೇ ಅರ್ಧವಾದರೆ ನನ್ನ ಯೂನಿಟ್ ಎಷ್ಟು ಉಳಿಯುತ್ತದೆ ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ. ನಾನು ತಡವಾಗಿ ಕೇಳಿದಾಗ, "ಅಷ್ಟೆಲ್ಲ ಯಾರು ಊಹಿಸುತ್ತಾರೆ ಸಾರ್" ಎಂದು ಇನ್ನೊಂದು ಫಂಡಿನ ಅರ್ಜಿಯನ್ನು ಮುಂದಿಟ್ಟಿದ್ದರು.