ಪವರ್‌ಪಾಯಿಂಟ್‌ನ ಔಟ್‌ಲೈನ್: ಪಿಎಚ್.ಡಿ. ಸ್ಲೈಡುಗಳನ್ನು ಅಭಿಪ್ರಾಯ ಪತ್ರ ಮಾಡುವ ಹಳೇ ದಾರಿ

ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಸಂಶೋಧನಾ ಸಲಹಾ ಸಮಿತಿಯೇ ಪ್ರಸ್ತಾವವನ್ನು ನೋಡಿ ವಿಷಯವನ್ನು ಅಂತಿಮ ಮಾಡಬೇಕು. ಆಮೇಲೆ ಪ್ರತಿ ಸೆಮಿಸ್ಟರ್‌ನಲ್ಲೂ ವಿದ್ಯಾರ್ಥಿ ಸಮಿತಿಯ ಮುಂದೆ ಬಂದು ಕೆಲಸ ಎಲ್ಲಿಗೆ ಬಂತು ಎಂದು ಹೇಳಬೇಕು. ಅಂಥ ಸಮಿತಿಗಳಲ್ಲಿ ಕೂರುವವಳು ನಾನು. ವಿದ್ಯಾರ್ಥಿ ಸ್ಲೈಡು ಕಳಿಸುತ್ತಾರೆ. ನಾನು ಗುರಿ, ವಿಧಾನ, ಕಾರ್ಯಸಾಧ್ಯತೆ ಎಂಬ ಮೂರು ಶೀರ್ಷಿಕೆಗಳ ಕೆಳಗೆ ಅಭಿಪ್ರಾಯ ಬರೆದು ವಾಪಸ್ ಕಳಿಸುತ್ತೇನೆ. ಇದಕ್ಕೆ ವರ್ಷಗಳಿಂದ ಬಳಸುತ್ತಿರುವುದು ಪವರ್‌ಪಾಯಿಂಟ್‌ನ ಒಂದು ಮೂಲೆಯ ಸೌಲಭ್ಯವನ್ನು. `Save As` ಒತ್ತಿ, ಕಡತದ ಬಗೆಗಳ ಪಟ್ಟಿಯಲ್ಲಿ `Outline/RTF (*.rtf)` ಆರಿಸಿಕೊಳ್ಳುವುದು. ಅಷ್ಟೇ. ಬೇರೆ ತಂತ್ರಾಂಶ ಬೇಡ, ಚಂದಾ ಬೇಡ. ಆಫೀಸ್ ಪ್ಯಾಕೇಜಿಗೆ ಹೇಗೂ ದುಡ್ಡು ಕೊಟ್ಟಾಗಿದೆ. ನನಗೆ ಇದು ದೊಡ್ಡ ವಿಷಯ.

ಹೀಗೆ ಉಳಿಸಿದ್ದನ್ನು ವರ್ಡ್‌ನಲ್ಲಿ ತೆರೆದರೆ ಬಣ್ಣ, ಲೋಗೋ, ಬಾಣ, ಚಿತ್ರ ಯಾವುದೂ ಇರುವುದಿಲ್ಲ. ಸ್ಲೈಡಿನ ತಲೆಬರಹ, ಅದರ ಕೆಳಗಿನ ಸಾಲುಗಳು, ಇಷ್ಟೇ. ಇಪ್ಪತ್ತೈದು ಸ್ಲೈಡು ಮೂರು ಪುಟಕ್ಕೆ ಇಳಿಯುತ್ತದೆ. ಪರದೆಯ ಮೇಲೆ ಗಂಭೀರವಾಗಿ ಕಂಡ ಎಷ್ಟೋ ಸಾಲುಗಳು ಇಲ್ಲಿ ಪಾಪ, ಬರಿಗೈಲಿ ನಿಂತಿರುತ್ತವೆ.

ಮೊದಲ ಸಲ ಬಳಸುವವರಿಗೆ ಒಂದು ಎಚ್ಚರಿಕೆ. ಕಪ್ಪು ಅಥವಾ ಕಡುನೀಲಿ ಹಿನ್ನೆಲೆಯ ಸ್ಲೈಡಾಗಿದ್ದರೆ ವರ್ಡ್‌ನಲ್ಲಿ ಪುಟ ಖಾಲಿ ಕಾಣುತ್ತದೆ. ಕಡತ ಕೆಟ್ಟಿಲ್ಲ. ಬಿಳಿ ಅಕ್ಷರ ಬಿಳಿ ಹಾಳೆಯ ಮೇಲೆ ಕೂತಿದೆ. `Ctrl+A` ಒತ್ತಿ ಆಮೇಲೆ `Ctrl+Space` ಒತ್ತಿದರೆ ಬಣ್ಣ, ದೊಡ್ಡ ಗಾತ್ರ ಎಲ್ಲ ಹೋಗಿ ಸಾಮಾನ್ಯ ಅಕ್ಷರ ಉಳಿಯುತ್ತದೆ. ಆದರೆ ಕನ್ನಡದ ಸ್ಲೈಡುಗಳಲ್ಲಿ ಇದನ್ನು ಕಣ್ಣುಮುಚ್ಚಿ ಮಾಡಬೇಡಿ. ಹಳೆಯ ನುಡಿ ಅಕ್ಷರಶೈಲಿಯಲ್ಲಿ, ಅಂದರೆ ಯೂನಿಕೋಡ್ ಅಲ್ಲದ ರೀತಿಯಲ್ಲಿ ಬರೆದಿದ್ದರೆ `Ctrl+Space` ಆ ಅಕ್ಷರಶೈಲಿಯನ್ನೂ ತೆಗೆದುಬಿಡುತ್ತದೆ. ಇಡೀ ಪ್ರಸ್ತಾವ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಅಂಥ ಕಡೆ ಎಲ್ಲವನ್ನೂ ಆರಿಸಿ ಅಕ್ಷರದ ಬಣ್ಣವನ್ನು ಮಾತ್ರ `Automatic` ಮಾಡಿದರೆ ಸಾಕು.

ಇನ್ನು ನನಗೆ ಇಷ್ಟವಾದ ಭಾಗ. ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸ ಇದು. ಔಟ್‌ಲೈನಿನ ಮೇಲ್ಗಡೆ ನನ್ನ ಮೂರು ಶೀರ್ಷಿಕೆ ಬರೆಯುತ್ತೇನೆ. ಪ್ರತಿಯೊಂದರ ಮೇಲೆ ಕರ್ಸರ್ ಇಟ್ಟು `Ctrl+Alt+1` ಒತ್ತಿದರೆ ಅದು ಮೊದಲ ಹಂತದ ಶೀರ್ಷಿಕೆಯಾಗುತ್ತದೆ. ಸ್ಲೈಡುಗಳ ತಲೆಬರಹಕ್ಕೆ `Ctrl+Alt+2`. ಆಮೇಲೆ `View` ಒಳಗಿನ `Navigation Pane` ತೆರೆದರೆ ಎಡಗಡೆ ಎಲ್ಲ ತಲೆಬರಹಗಳೂ ಸಾಲಾಗಿ ನಿಲ್ಲುತ್ತವೆ. ಒಂದೊಂದನ್ನೇ ಮೌಸ್‌ನಲ್ಲಿ ಹಿಡಿದು ಸೇರಬೇಕಾದ ಶೀರ್ಷಿಕೆಯ ಕೆಳಗೆ ಬಿಡುವುದು. ತಲೆಬರಹದ ಜೊತೆ ಅದರ ಕೆಳಗಿನ ಸಾಲುಗಳೂ ಬರುತ್ತವೆ. ಒಂದೇ ಸಾಲು ಸರಿಸಬೇಕಿದ್ದರೆ `Alt+Shift` ಹಿಡಿದು ಮೇಲಿನ ಅಥವಾ ಕೆಳಗಿನ ಬಾಣದ ಕೀಲಿ ಒತ್ತಿದರೆ ಆಯಿತು. ವಿದ್ಯಾರ್ಥಿ ಹೇಳಿದ ಕ್ರಮದಿಂದ ಮಾತು ಹೊರಗೆ ಬಂದು ಓದುವವಳ ಕ್ರಮಕ್ಕೆ ಸೇರುವುದು ಇಲ್ಲೇ. ಹನ್ನೊಂದನೇ ಸ್ಲೈಡಿನಲ್ಲಿ ಅಡಗಿದ್ದ ಮೂರನೇ ಉದ್ದೇಶ ಮೊದಲ ಪುಟಕ್ಕೆ ಬಂದು ಕೂತಾಗ, ಇದಕ್ಕೆ ವಿಧಾನವೇ ಇಲ್ಲವಲ್ಲ ಎಂದು ತಾನಾಗಿಯೇ ಕಾಣುತ್ತದೆ.

ಇಲ್ಲಿಯ ತನಕ ಸಂತೋಷ. ಈಗ ಸಿಟ್ಟಿನ ವಿಷಯ.

ಔಟ್‌ಲೈನಿಗೆ ಬರುವುದು ಸ್ಲೈಡ್ ವಿನ್ಯಾಸದಲ್ಲೇ ಇರುವ ತಲೆಬರಹದ ಮತ್ತು ಪಠ್ಯದ ಜಾಗಗಳಲ್ಲಿ ಬರೆದದ್ದು ಮಾತ್ರ. ಬೇರೆಯಾಗಿ ಎಳೆದ ಟೆಕ್ಸ್ಟ್ ಬಾಕ್ಸ್‌ನಲ್ಲಿ ಬರೆದದ್ದು ಬರುವುದಿಲ್ಲ. ಟೇಬಲ್ ಒಳಗಿನದು ಬರುವುದಿಲ್ಲ. ಚಿತ್ರವಾಗಿ ಅಂಟಿಸಿದ್ದಂತೂ ಇಲ್ಲವೇ ಇಲ್ಲ. ಸ್ಲೈಡಿನ ಕೆಳಗೆ ಬರೆದ ಟಿಪ್ಪಣಿಗಳೂ ಹೊರಗುಳಿಯುತ್ತವೆ. ಇದು ಇವತ್ತಿನ ದೋಷವಲ್ಲ, ಸೌಲಭ್ಯ ಇರುವುದೇ ಹಾಗೆ. ಆದರೆ ಒಂದು ಸಂಸ್ಥೆ ತನ್ನ ವಿದ್ಯಾರ್ಥಿಗಳಿಗೆಲ್ಲ ಕಡ್ಡಾಯ ಮಾಡಿರುವ ಸ್ಲೈಡ್ ಮಾದರಿಯಲ್ಲಿ ಎಲ್ಲವೂ ಟೆಕ್ಸ್ಟ್ ಬಾಕ್ಸ್! ತಲೆಬರಹ ಕೂಡ. ಮೇಲೆ ಲಾಂಛನ, ಕೆಳಗೆ ಚಿನ್ನದ ಬಣ್ಣದ ಪಟ್ಟಿ, ನಡುವೆ ತೇಲುವ ಪೆಟ್ಟಿಗೆಗಳು. ಅಲ್ಲಿಂದ ಬಂದ ಕಡತವನ್ನು ಔಟ್‌ಲೈನ್ ಆಗಿ ಉಳಿಸಿದರೆ ಕೈಗೆ ಸಿಗುವುದು ಹೆಚ್ಚುಕಡಿಮೆ ಖಾಲಿ ಹಾಳೆ. ಈ ಮಾದರಿ ಬದಲಿಸಿ ಎಂದು ಹೇಳಿ ನನಗೆ ಸಾಕಾಗಿದೆ. "ಮೇಡಂ, ಡಿಸೈನ್ ಅಪ್ರೂವ್ ಆಗಿಬಿಟ್ಟಿದೆ" ಎನ್ನುತ್ತಾರೆ.

ಹಾಗಾಗಿ ಉಳಿಸುವ ಮುಂಚೆ ಪವರ್‌ಪಾಯಿಂಟ್‌ನಲ್ಲೇ `Alt+F10` ಒತ್ತಿ ನೋಡಿ. ಆ ಸ್ಲೈಡಿನಲ್ಲಿರುವ ವಸ್ತುಗಳ ಪಟ್ಟಿ ಬಲಗಡೆ ಬರುತ್ತದೆ. `Title 1`, `Content Placeholder 2` ಎಂದಿದ್ದರೆ ಒಳ್ಳೆಯದು. `TextBox 5`, `Picture 7`, `Table 3` ಎಂದಿದ್ದರೆ ಅದನ್ನು ಕೈಯಲ್ಲೇ ನಕಲು ಮಾಡಿಕೊಳ್ಳಬೇಕು. ಇನ್ನೊಂದು ದಾರಿಯೂ ಇದೆ. `Export` ಒಳಗಿನ `Create Handouts` ಬಳಸಿದರೆ ಸ್ಲೈಡಿನ ಚಿತ್ರ, ಪಕ್ಕದಲ್ಲಿ ಟಿಪ್ಪಣಿ ಎರಡೂ ವರ್ಡ್‌ಗೆ ಬರುತ್ತವೆ. ಆದರೆ ಕಡತ ಭಾರವಾಗುತ್ತದೆ. ಚಿತ್ರದೊಳಗಿನ ಮಾತನ್ನು ಎಳೆದು ಜೋಡಿಸಲು ಆಗುವುದಿಲ್ಲ. ನನ್ನ ಹಳೇ ಲ್ಯಾಪ್‌ಟಾಪಿಗಂತೂ ಅದು ಸುಮ್ನೆ ಶಿಕ್ಷೆ.

ಬಿಟ್ಟುಹೋಗುವುದರಲ್ಲೂ ಒಂದು ಕ್ರಮವಿದೆ. ಗುರಿ ಸಾಮಾನ್ಯವಾಗಿ ಬರುತ್ತದೆ, ಏಕೆಂದರೆ ಅದನ್ನು ಸಾಲುಸಾಲಾಗಿ ಬರೆದಿರುತ್ತಾರೆ. ವಿಧಾನ ಅರ್ಧ ಬರುತ್ತದೆ, ಅದರ ಇನ್ನರ್ಧ ಬಾಣಗಳ ಚಿತ್ರದಲ್ಲಿರುತ್ತದೆ. ಕಾರ್ಯಸಾಧ್ಯತೆ ಮಾತ್ರ ಬರುವುದೇ ಇಲ್ಲ. ಕಾಲಯೋಜನೆ ಎಂದರೆ ಎಲ್ಲರಿಗೂ ಬಣ್ಣದ ಪಟ್ಟಿಗಳ ಒಂದು ಚಿತ್ರ. ನನ್ನ ಮೂರನೇ ಶೀರ್ಷಿಕೆಯ ಕೆಳಗೆ ಪ್ರತಿ ಸಲ ಖಾಲಿ. ಮೊದಮೊದಲು ಇದು ಕಿರಿಕಿರಿ ಮಾಡುತ್ತಿತ್ತು. ಈಗ ಅಷ್ಟಿಲ್ಲ. ಆ ಖಾಲಿ ಜಾಗದಲ್ಲಿ ಲೆಕ್ಕ ನಾನೇ ಹಾಕುತ್ತೇನೆ. ಸ್ಲೈಡಿನಲ್ಲಿದ್ದ ಪಟ್ಟಿ ನೋಡಿದ್ದರೆ ಬಹುಶಃ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಪ್ರಸ್ತಾವ ಪಾವಗಡ ತಾಲ್ಲೂಕಿನ ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ. 120 ಕೊಳವೆಬಾವಿ, ಮಳೆಗಾಲದ ಮುಂಚೆ ಒಂದು ಸಲ, ನಂತರ ಒಂದು ಸಲ, ಎರಡು ವರ್ಷ. ಜೊತೆಗೆ 40 ಹಳ್ಳಿಗಳಲ್ಲಿ ತಲಾ 50 ಶಾಲಾಮಕ್ಕಳ ಹಲ್ಲಿನ ತಪಾಸಣೆ. ಗುರಿ ಹೀಗಿತ್ತು: ನೀರಿನ ಫ್ಲೋರೈಡ್ ಅಳೆಯುವುದು, ಮಕ್ಕಳ ಹಲ್ಲಿನ ಮೇಲೆ ಅದರ ಪರಿಣಾಮ ತಿಳಿಯುವುದು, ಪರಿಹಾರ ಸೂಚಿಸುವುದು.

ಗುರಿಯ ಕೆಳಗೆ ಮೂರೂ ಸಾಲು ಒಟ್ಟಿಗೆ ನಿಂತಾಗ ಎರಡನೆಯದರ ತೊಂದರೆ ಕಂಡಿತು. ಹಲ್ಲಿನ ಫ್ಲೋರೋಸಿಸ್ ಆಗುವುದು ಎನಾಮಲ್ ರೂಪುಗೊಳ್ಳುವ ವಯಸ್ಸಿನಲ್ಲಿ. ಮುಂದಿನ ಹಲ್ಲುಗಳ ಮಟ್ಟಿಗೆ ಹುಟ್ಟಿದ ಮೊದಲ ಕೆಲವು ವರ್ಷಗಳು ಮುಖ್ಯ. ಹನ್ನೆರಡು ವರ್ಷದ ಮಗುವಿನ ಹಲ್ಲಿನಲ್ಲಿರುವ ಕಲೆ ಅದು ಚಿಕ್ಕದಿದ್ದಾಗ ಕುಡಿದ ನೀರಿನದು, ಇವತ್ತಿನ ನೀರಿನದಲ್ಲ. ಸಾಲದ್ದಕ್ಕೆ ಈಗ ಎಷ್ಟೋ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಇದೆ. ಕೊಳವೆಬಾವಿಯ ನೀರು ಪಾತ್ರೆ ತೊಳೆಯಲು, ಕುಡಿಯಲು ಕ್ಯಾನ್ ನೀರು. ಹಾಗಾದರೆ ಇವತ್ತಿನ ಬಾವಿಯನ್ನೂ ಇವತ್ತಿನ ಹಲ್ಲನ್ನೂ ನೇರ ಜೋಡಿಸುವುದು ಹೇಗೆ? ಶೀರ್ಷಿಕೆಗೆ ನಾನು "ಗುರಿ" ಎಂದಷ್ಟೇ ಬರೆದು ಬಿಡುವುದಿಲ್ಲ, ತಕರಾರನ್ನೂ ಅಲ್ಲೇ ಬರೆಯುತ್ತೇನೆ: "ಗುರಿ: ಎರಡನೇ ಉದ್ದೇಶಕ್ಕೆ ಮಗು ಆಗ ಕುಡಿದ ನೀರಿನ ಮಾಹಿತಿ ಬೇಕು". ವಿದ್ಯಾರ್ಥಿ ಎಡಗಡೆಯ ಪಟ್ಟಿ ನೋಡಿದರೇ ಮುಖ್ಯ ಮಾತು ಸಿಗುತ್ತದೆ.

ವಿಧಾನದ ಕೆಳಗೆ ಎರಡೇ ಮಾತು. ಅಳತೆಗೆ ಫ್ಲೋರೈಡ್ ಎಲೆಕ್ಟ್ರೋಡ್ ಎಂದಿತ್ತು, ಆದರೆ ಜೊತೆಗೆ ಸೇರಿಸಬೇಕಾದ ಬಫರ್ ದ್ರಾವಣದ ಹೆಸರೇ ಇರಲಿಲ್ಲ. ಟಿಸಾಬ್ ಎನ್ನುವ ಆ ದ್ರಾವಣ ಹಾಕದಿದ್ದರೆ ಅಲ್ಯೂಮಿನಿಯಂ, ಕಬ್ಬಿಣದ ಜೊತೆ ಕಟ್ಟಿಕೊಂಡ ಫ್ಲೋರೈಡ್ ಎಲೆಕ್ಟ್ರೋಡ್‌ಗೆ ಕಾಣುವುದಿಲ್ಲ, ಅಳತೆ ಕಡಿಮೆ ಬರುತ್ತದೆ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರು ಸಿಗದಿದ್ದರೆ 1.5ರ ತನಕ. ಈ ಎರಡರ ನಡುವಿನ ಬಾವಿಗಳನ್ನು ವಿಂಗಡಿಸುವಾಗ ಸಣ್ಣ ತಪ್ಪೂ ದೊಡ್ಡದೇ. ಇನ್ನೊಂದು ಮಾತು: ಹಲ್ಲು ನೋಡುವವರು ಯಾರು? ಹಲ್ಲಿನ ಕಲೆಯ ತೀವ್ರತೆ ಗುರುತಿಸುವ ಡೀನ್ ಸೂಚ್ಯಂಕ ಬಳಸುತ್ತೇವೆ ಎಂದಿದ್ದರು. ಅದರಲ್ಲಿ "ಸಂಶಯ"ಕ್ಕೂ "ಅತಿ ಸೌಮ್ಯ"ಕ್ಕೂ ವ್ಯತ್ಯಾಸ ಹಿಡಿಯಲು ತರಬೇತಿ ಪಡೆದ ಕಣ್ಣು ಬೇಕು. ದಂತವೈದ್ಯರ ಸುದ್ದಿ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಇನ್ನು ಆ ಖಾಲಿ ಶೀರ್ಷಿಕೆ. ನೀರಿನ ಕೆಲಸದ ಲೆಕ್ಕ ಸುಲಭ. 120 ಬಾವಿ, ದಿನಕ್ಕೆ ಎಂಟು ಸಿಕ್ಕರೆ ಒಂದು ಸುತ್ತಿಗೆ 15 ದಿನ, ಒಟ್ಟು ನಾಲ್ಕು ಸುತ್ತು. ಆಗುವ ಕೆಲಸವೇ. ಮಕ್ಕಳದು 40 ಹಳ್ಳಿ, 2000 ಮಕ್ಕಳು. ಒಬ್ಬರೇ ವೈದ್ಯರು ದಿನಕ್ಕೆ 50 ಮಕ್ಕಳನ್ನು ನೋಡಿದರೂ 40 ದಿನ ಬೇಕು, ಅದೂ ಶಾಲೆ ನಡೆಯುವ ದಿನಗಳು. ಎರಡೂ ಕೆಲಸ ಒಂದೇ ಪ್ರವಾಸದಲ್ಲಿ ಎಂದು ಯೋಜನೆ ಹೇಳುತ್ತಿತ್ತು. ಮಳೆಗಾಲದ ಮುಂಚಿನ ಸುತ್ತು ಏಪ್ರಿಲ್-ಮೇ ತಿಂಗಳಲ್ಲಿ. ಆಗ ನಮ್ಮಲ್ಲಿ ಶಾಲೆಗೆ ಬೇಸಿಗೆ ರಜೆ ಅಲ್ವಾ? ನೀರು ಸಿಗುತ್ತದೆ, ಮಕ್ಕಳು ಸಿಗುವುದಿಲ್ಲ. ಇದರ ಮೇಲೆ ಮಕ್ಕಳ ತಪಾಸಣೆಗೆ ನೈತಿಕ ಸಮಿತಿಯ ಒಪ್ಪಿಗೆ, ಪೋಷಕರ ಸಹಿ ಬೇರೆ. ಮೊದಲ ಸುತ್ತಿನ ಹೊತ್ತಿಗೆ ಇವೆಲ್ಲ ಕೈಸೇರುವುದು ಕಷ್ಟ. ಶೀರ್ಷಿಕೆ ಹೀಗೆ ಬರೆದೆ: "ಕಾರ್ಯಸಾಧ್ಯತೆ: ನೀರಿನ ಭಾಗ ಆಗುತ್ತದೆ, ಮಕ್ಕಳ ಭಾಗಕ್ಕೆ ಬೇರೆ ವೇಳಾಪಟ್ಟಿ ಮತ್ತು ಒಬ್ಬ ದಂತವೈದ್ಯರು ಬೇಕು".

ಕಳಿಸುವ ಮುಂಚೆ ವಿದ್ಯಾರ್ಥಿಯ ಮೂಲ ಸಾಲುಗಳನ್ನು ಅಳಿಸುವುದಿಲ್ಲ. ಅವು ಬೂದು ಬಣ್ಣದಲ್ಲಿ, ನನ್ನ ಮಾತು ಕಪ್ಪಿನಲ್ಲಿ. ಯಾವ ಮಾತಿಗೆ ಯಾವ ತಕರಾರು ಎಂದು ಹುಡುಕಬೇಕಿಲ್ಲ. ಸ್ಲೈಡಿನ ಸಂಖ್ಯೆ ಔಟ್‌ಲೈನಿನಲ್ಲಿ ಬರುವುದಿಲ್ಲ, ತಲೆಬರಹಗಳನ್ನು ಎಳೆದಾಡುವ ಮುಂಚೆಯೇ ಅದನ್ನು ಕೈಯಿಂದ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಪತ್ತೆಯಾಗುವುದಿಲ್ಲ.

ಯಾರಿಗೆ ಹೇಳಬಹುದು? ಸಮಾಜಶಾಸ್ತ್ರ, ಸಾಹಿತ್ಯ, ಶಿಕ್ಷಣ, ಪರಿಸರ, ಹೀಗೆ ಮಾತಿನಲ್ಲೇ ವಾದ ಮಾಡುವ ವಿಷಯಗಳ ಸಮಿತಿಯಲ್ಲಿದ್ದರೆ ಧಾರಾಳವಾಗಿ ಬಳಸಿ. ಸಮೀಕರಣ, ಸರ್ಕ್ಯೂಟ್, ಟೇಬಲ್‌ಗಳಲ್ಲೇ ಪ್ರಸ್ತಾವ ಬರುವ ಕಡೆ ಇದರಿಂದ ಏನೂ ಸಿಗುವುದಿಲ್ಲ, ಸ್ಲೈಡು ಎದುರಿಗಿಟ್ಟುಕೊಂಡು ಬರೆಯುವುದೇ ಬೇಗ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಚಿನ್ನದ ಪಟ್ಟಿಯ ಮಾದರಿಯಲ್ಲಿ ಬಂದ ಕಡತಗಳಿಗೆ ಎರಡು.